ಉಸಿರೆಣಿಸಲು ಒಂದು ಪೂರ್ತಿ ನಿಮಿಷ

ವಾರ್ಡಿಗೆ ಮೊದಲ ಸಲ ಹೊರಟಿರುವ ನನ್ನ ವಿದ್ಯಾರ್ಥಿಗಳೇ,

ಸೋಮವಾರದಿಂದ ನಿಮ್ಮ ಕೈಗೆ ಟಿಪಿಆರ್ ಚಾರ್ಟ್ ಬರುತ್ತದೆ. ಜ್ವರ, ನಾಡಿ, ಉಸಿರು ಎಂದು ಮೂರು ಕಾಲಂ. ಜ್ವರ ನೋಡಲು ಥರ್ಮಾಮೀಟರ್ ಇದೆ. ನಾಡಿಯನ್ನು ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕೂಡ ತೋರಿಸಿಬಿಡುತ್ತದೆ. ಮೂರನೆಯ ಕಾಲಮ್ಮಿಗೆ ಮಾತ್ರ ನಿಮ್ಮ ಎರಡು ಕಣ್ಣು ಮತ್ತು ಒಂದು ಗಡಿಯಾರ ಬಿಟ್ಟರೆ ಬೇರೇನೂ ಇಲ್ಲ. ಅಲ್ಲಿ ನಿಂತು ಎಣಿಸಲೇಬೇಕು. ಆದ್ದರಿಂದಲೇ ಆಸ್ಪತ್ರೆಯ ಚಾರ್ಟುಗಳಲ್ಲಿ ಅತಿ ಹೆಚ್ಚು ಅಂದಾಜಿನಿಂದ ತುಂಬುವ ಕಾಲಂ ಅದೇ ಆಗಿದೆ. ತರಗತಿಯಲ್ಲಿ ಇದಕ್ಕೆ ಸಿಕ್ಕಿದ್ದು ಸ್ವಲ್ಪವೇ ಹೊತ್ತು. ಅಲ್ಲಿ ಹೇಳಿ ಮುಗಿಸಲಾಗದ್ದನ್ನು ಈ ಪತ್ರದಲ್ಲಿ ಬರೆಯುತ್ತಿದ್ದೇನೆ.

ಯಾವುದೇ ವಾರ್ಡಿನಲ್ಲಿ ಹಳೆಯ ಕೇಸ್ ಶೀಟುಗಳನ್ನು ತಿರುವಿ ನೋಡಿ. ಉಸಿರಿನ ಕಾಲಮ್ಮಿನಲ್ಲಿ 20, 20, 18, 20 ಎಂದು ಮೇಲಿನಿಂದ ಕೆಳಗಿನವರೆಗೂ ಇರುತ್ತದೆ. ಜ್ವರ 98ರಿಂದ 103ಕ್ಕೆ ಏರಿದೆ, ನಾಡಿ 80ರಿಂದ 120ಕ್ಕೆ ಹೋಗಿದೆ, ಉಸಿರು ಮಾತ್ರ 20ರಿಂದ ಅಲ್ಲಾಡಿಲ್ಲ. ಜೀವಂತ ಮನುಷ್ಯನಲ್ಲಿ ಹೀಗಾಗುವುದಿಲ್ಲ. ಇದು ನಮ್ಮ ಕಡೆಯ ರೋಗವೊಂದೇ ಅಲ್ಲ. ಅಮೆರಿಕದ ಆಸ್ಪತ್ರೆಗಳ ದಾಖಲೆಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿಯೂ 18 ಮತ್ತು 20 ಎಂಬ ಎರಡು ಅಂಕಿಗಳೇ ರಾಶಿ ಬಿದ್ದಿದ್ದವು. ಚಾರ್ಟಿನಲ್ಲಿ ಬರೀ ಸಮಸಂಖ್ಯೆಗಳು ಕಂಡರೆ, ಅಕ್ಕಪಕ್ಕದ ಮಂಚಗಳವರಿಗೆಲ್ಲ ಒಂದೇ ಅಂಕಿ ಇದ್ದರೆ, ಅಲ್ಲಿ ಯಾರೂ ಎಣಿಸಿಲ್ಲ ಎಂದು ತಿಳಿಯಿರಿ. ನೀವು ಬರೆಯುವ ಕಾಲಮ್ಮಿನಲ್ಲಿ 17, 23, 19 ಕಾಣಬೇಕೆಂಬುದು ನನ್ನ ಆಸೆ.

ಈ ಒಂದು ಅಂಕಿಗೆ ಇಷ್ಟು ಪಟ್ಟು ಏಕೆಂದರೆ, ಒಳಗೆ ಏನಾದರೂ ಕೆಡುವಾಗ ಬಹಳ ಸಲ ಮೊದಲು ಬದಲಾಗುವುದು ಉಸಿರು. ಸೋಂಕು ರಕ್ತಕ್ಕೆ ಹರಡುತ್ತಿದ್ದರೂ, ಶ್ವಾಸಕೋಶದ ಒಂದು ಭಾಗ ಕಟ್ಟಿಕೊಳ್ಳುತ್ತಿದ್ದರೂ, ಸಕ್ಕರೆ ಕಾಯಿಲೆಯವರ ರಕ್ತದಲ್ಲಿ ಆಮ್ಲ ಏರುತ್ತಿದ್ದರೂ ಮಿದುಳು ಕೂಡಲೇ ಉಸಿರಾಟವನ್ನು ಹೆಚ್ಚಿಸುತ್ತದೆ. ಹಾಗೆ ಹೆಚ್ಚಿಸಿಯೇ ಆಮ್ಲಜನಕವನ್ನು ಕೆಲಕಾಲ ಸರಿಯಾಗಿ ಉಳಿಸಿಕೊಳ್ಳುತ್ತದೆ. ಆದ್ದರಿಂದ ಆಕ್ಸಿಮೀಟರ್ 97 ತೋರಿಸುತ್ತಿದೆ ಎಂದ ಮಾತ್ರಕ್ಕೆ ರೋಗಿ ಚೆನ್ನಾಗಿದ್ದಾರೆ ಎಂದುಕೊಳ್ಳಬೇಡಿ. ಆ 97 ಅನ್ನು ಕಾಯ್ದುಕೊಳ್ಳಲು ಅವರು ನಿಮಿಷಕ್ಕೆ ಎಷ್ಟು ಸಲ ಉಸಿರೆಳೆಯಬೇಕಾಗಿದೆ ಎಂಬುದನ್ನು ಆಕ್ಸಿಮೀಟರ್ ಹೇಳುವುದಿಲ್ಲ. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಬಳಸುವ ಮುನ್ನೆಚ್ಚರಿಕೆ ಅಂಕಪಟ್ಟಿಯೊಂದಿದೆ. ಅದರಲ್ಲಿ ವಯಸ್ಕರ ಉಸಿರು 12ರಿಂದ 20 ಇದ್ದರೆ ಅಂಕ ಸೊನ್ನೆ. 21ರಿಂದ 24 ಇದ್ದರೆ ಎರಡು. 25 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮೂರು, ಎಂದರೆ ಉಳಿದೆಲ್ಲ ಸರಿಯಿದ್ದರೂ ವೈದ್ಯರು ಕೂಡಲೇ ಬಂದು ನೋಡಬೇಕು. 8 ಅಥವಾ ಅದಕ್ಕಿಂತ ಕಡಿಮೆಯಿದ್ದರೂ ಅದೇ ಮೂರು. ಈಗ ಯೋಚಿಸಿ. 26 ಇರುವ ರೋಗಿಗೆ ನೀವು ನೋಡದೆ 20 ಎಂದು ಬರೆದರೆ, ಮೂರು ಅಂಕ ಬರಬೇಕಾದಲ್ಲಿ ಸೊನ್ನೆ ಬರುತ್ತದೆ. ಡ್ಯೂಟಿ ಡಾಕ್ಟರನ್ನು ಯಾರೂ ಕರೆಯುವುದಿಲ್ಲ.

ವಯಸ್ಕರ ವಿಷಯವನ್ನು ಇಷ್ಟಕ್ಕೇ ಬಿಡುತ್ತೇನೆ, ಏಕೆಂದರೆ ನಿಮ್ಮ ಮೊದಲ ಪೋಸ್ಟಿಂಗ್ ಮಕ್ಕಳ ವಾರ್ಡಿನಲ್ಲಿ. ಅಲ್ಲಿ ಎಣಿಕೆ ಹೆಚ್ಚು ಕಷ್ಟ, ಅಂಕಿಗೆ ಬೆಲೆಯೂ ಹೆಚ್ಚು. ಒಂದು ಎಣಿಕೆಯ ಮೇಲೆಯೇ ಮಗುವಿಗೆ ಆಂಟಿಬಯಾಟಿಕ್ ಕೊಡುವ ನಿರ್ಧಾರ ನಿಲ್ಲುವುದು ಅಲ್ಲಿಯೇ.

ಮಕ್ಕಳು ನಮಗಿಂತ ವೇಗವಾಗಿ ಏಕೆ ಉಸಿರಾಡುತ್ತಾರೆ ಎಂಬುದನ್ನು ಮೊದಲು ತಿಳಿದುಕೊಂಡರೆ ಅಂಕಿಗಳನ್ನು ಬಾಯಿಪಾಠ ಮಾಡುವ ಕಷ್ಟ ಕಡಿಮೆಯಾಗುತ್ತದೆ. ಒಂದು ಉಸಿರಿನಲ್ಲಿ ಒಳಹೋಗುವ ಗಾಳಿ ಕಿಲೋ ತೂಕಕ್ಕೆ ಸುಮಾರು 6-7 ಮಿಲಿಲೀಟರ್. ಇದು ಕೂಸಿಗೂ ದೊಡ್ಡವರಿಗೂ ಹೆಚ್ಚುಕಡಿಮೆ ಒಂದೇ. ಮೂರು ಕಿಲೋ ತೂಗುವ ಕೂಸು ಒಂದು ಸಲಕ್ಕೆ ಎಳೆದುಕೊಳ್ಳುವುದು ಸುಮಾರು 20 ಮಿಲಿಲೀಟರ್, ನಾವು ಔಷಧ ಕುಡಿಸುವ ಸಣ್ಣ ಚಮಚದಲ್ಲಿ ನಾಲ್ಕು ಚಮಚ ಹಿಡಿಸುವಷ್ಟು. ಆದರೆ ಅದೇ ಕೂಸಿಗೆ ಕಿಲೋ ತೂಕಕ್ಕೆ ಬೇಕಾಗುವ ಆಮ್ಲಜನಕ ನಮಗೆ ಬೇಕಾಗುವುದರ ಸುಮಾರು ಎರಡರಷ್ಟು. ಇನ್ನಷ್ಟು ಆಳವಾಗಿ ಉಸಿರೆಳೆಯೋಣವೆಂದರೆ ಅದರ ಪಕ್ಕೆಲುಬುಗಳು ನಮ್ಮವುಗಳಂತೆ ಇಳಿಜಾರಾಗಿಲ್ಲ, ಅಡ್ಡಡ್ಡ ಮಲಗಿವೆ. ಎದೆಗೂಡನ್ನು ಎತ್ತಿ ಹಿಗ್ಗಿಸಲು ಅವಕಾಶ ಕಡಿಮೆ. ಹಾಗಾಗಿ ಕೂಸಿಗೆ ಉಳಿಯುವುದು ಒಂದೇ ದಾರಿ, ಸಲಗಳನ್ನು ಹೆಚ್ಚಿಸುವುದು. ಆರೋಗ್ಯವಾಗಿದ್ದಾಗಲೂ ಅದು ವೇಗವಾಗಿಯೇ ಉಸಿರಾಡುತ್ತದೆ. ನ್ಯುಮೋನಿಯಾ ಬಂದು ಶ್ವಾಸಕೋಶ ಬಿಗಿಯಾದಾಗ ಇನ್ನೂ ವೇಗ ಹೆಚ್ಚಿಸುತ್ತದೆ.

ಬೆಳೆದಂತೆಲ್ಲ ಈ ವೇಗ ಇಳಿಯುತ್ತದೆ. ಹೆಚ್ಚು ಇಳಿಯುವುದು ಮೊದಲ ಎರಡು ವರ್ಷಗಳಲ್ಲಿ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ ಹುಟ್ಟಿದಾಗ ನಡುವಿನ ಅಂಕಿ 44, ಎರಡು ವರ್ಷ ತುಂಬುವಾಗ 26. ಆಮೇಲೆ ನಿಧಾನವಾಗಿ ಇಳಿಯುತ್ತಾ ಹದಿಹರೆಯದಲ್ಲಿ ದೊಡ್ಡವರ 12ರಿಂದ 20ರ ಹತ್ತಿರ ಬರುತ್ತದೆ. ನವಜಾತ ಶಿಶುವಿಗೆ 30ರಿಂದ 60ರವರೆಗೆ ಸಹಜ. ಅದೇ 50 ಎಂಬ ಅಂಕಿ ಹತ್ತು ದಿನದ ಕೂಸಿನಲ್ಲಿ ಕಂಡರೆ ನೀವು ಮುಂದಿನ ಮಂಚಕ್ಕೆ ಹೋಗಬಹುದು. ಮೂರು ವರ್ಷದ ಮಗುವಿನಲ್ಲಿ ಕಂಡರೆ ಹೋಗುವಂತಿಲ್ಲ.

ನಿಮ್ಮ ಪಠ್ಯಪುಸ್ತಕಗಳ ಪಟ್ಟಿಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ ಎಂದು ಕಳೆದ ವಾರ ಇಬ್ಬರು ಬಂದು ಕೇಳಿದಿರಿ. ನಿಜ, ತಾಳೆಯಾಗುವುದಿಲ್ಲ. ಸಹಜ ಮಿತಿ ಎಂಬುದು ಆರೋಗ್ಯವಂತ ಮಕ್ಕಳನ್ನು ಅಳೆದು ಕಂಡುಕೊಂಡದ್ದು. ಯಾವ ಮಕ್ಕಳನ್ನು ಅಳೆದರು, ನಿದ್ದೆಯಲ್ಲಿ ಅಳೆದರೋ ಎಚ್ಚರದಲ್ಲೋ ಎಂಬುದರ ಮೇಲೆ ಅಂಕಿ ಒಂದೆರಡು ಆಚೀಚೆಯಾಗುತ್ತದೆ. ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ. ಆದರೆ ಇನ್ನೊಂದು ಬಗೆಯ ಅಂಕಿಗಳಿವೆ. ಕೆಮ್ಮು ಅಥವಾ ಉಸಿರಾಟದ ತೊಂದರೆ ಇರುವ ಮಗುವಿನಲ್ಲಿ ಎಲ್ಲಿಂದ ಮುಂದೆ ವೇಗದ ಉಸಿರು ಎನ್ನಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಎಳೆದಿರುವ ಗೆರೆಗಳು ಅವು. ನಮ್ಮ ದೇಶದಲ್ಲಿ ಆಶಾ ಕಾರ್ಯಕರ್ತೆಯಿಂದ ಹಿಡಿದು ಪಿಎಚ್‌ಸಿ ವೈದ್ಯರವರೆಗೆ ಎಲ್ಲರೂ ಅವನ್ನೇ ಬಳಸುತ್ತಾರೆ. ಎರಡು ತಿಂಗಳು ತುಂಬದ ಕೂಸಿಗೆ 60 ಅಥವಾ ಹೆಚ್ಚು. ಎರಡು ತಿಂಗಳು ತುಂಬಿ ವರ್ಷ ತುಂಬದ ಮಗುವಿಗೆ 50 ಅಥವಾ ಹೆಚ್ಚು. ವರ್ಷ ತುಂಬಿ ಐದು ತುಂಬದ ಮಗುವಿಗೆ 40 ಅಥವಾ ಹೆಚ್ಚು. ಈ ಮೂರನ್ನು ಮಾತ್ರ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವಂತಿರಿ.

ಈ ಗೆರೆಗಳು ಎಲ್ಲಿಂದ ಬಂದವು ಎಂಬ ಕಥೆಯನ್ನು ನಿಮಗೆ ಹೇಳಲೇಬೇಕು. ಪಪುವಾ ನ್ಯೂಗಿನಿಯ ಬೆಟ್ಟಸೀಮೆಯಲ್ಲಿ ನ್ಯುಮೋನಿಯಾದಿಂದ ಮಕ್ಕಳು ಸಾಯುತ್ತಿದ್ದ ಕಾಲ. ಎಕ್ಸ್-ರೇ ಇಲ್ಲದ ಊರುಗಳಲ್ಲಿ, ಸ್ಟೆತಾಸ್ಕೋಪ್ ಹಿಡಿದು ಒಳಗಿನ ಸದ್ದನ್ನು ಗುರುತಿಸುವ ತರಬೇತಿಯಿಲ್ಲದ ಆರೋಗ್ಯ ಕಾರ್ಯಕರ್ತರು ಯಾವ ಮಗುವಿಗೆ ಔಷಧ ಕೊಡಬೇಕೆಂದು ತಿಳಿಯುವುದು ಹೇಗೆ? ಅಲ್ಲಿ ಕೆಲಸ ಮಾಡಿದ ಮಕ್ಕಳ ವೈದ್ಯ ಫ್ರಾಂಕ್ ಶಾನ್ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೊಂದು ಉತ್ತರ ಕೊಟ್ಟಿತು. ಕೆಮ್ಮಿರುವ ಮಗು ನಿಮಿಷಕ್ಕೆ 50ಕ್ಕಿಂತ ಹೆಚ್ಚು ಉಸಿರಾಡುತ್ತಿದ್ದರೆ ಆಂಟಿಬಯಾಟಿಕ್, ಎದೆಯ ಕೆಳಭಾಗ ಒಳಕ್ಕೆ ಸೆಳೆಯುತ್ತಿದ್ದರೆ ಆಸ್ಪತ್ರೆ. ನಾಲ್ಕು ವರ್ಷಗಳ ಬಳಿಕ, 1988ರಲ್ಲಿ, ನಮ್ಮ ನೆರೆಯ ವೆಲ್ಲೂರಿನ ವೈದ್ಯರು ಇದನ್ನೇ ಇಲ್ಲಿನ ಮಕ್ಕಳಲ್ಲಿ ಪರೀಕ್ಷಿಸಿದರು. ವರ್ಷ ದಾಟಿದ ಮಕ್ಕಳಿಗೆ 50ರ ಗೆರೆ ತೀರಾ ಎತ್ತರ, 40ಕ್ಕೆ ಇಳಿಸಿದರೆ ಹೆಚ್ಚು ನ್ಯುಮೋನಿಯಾ ಸಿಕ್ಕಿಬೀಳುತ್ತದೆ ಎಂದು ಅವರಿಗೆ ಕಂಡಿತು. ನೀವು ದಿನವೂ ಬಳಸಲಿರುವ 40ರ ಹಿಂದೆ ವೆಲ್ಲೂರಿನಲ್ಲಿ ಕೂತು ಮಕ್ಕಳ ಉಸಿರೆಣಿಸಿದವರ ದುಡಿಮೆಯೂ ಇದೆ.

ಈಗ ಎಣಿಸುವ ಬಗೆಗೆ ಬರೋಣ. ಎದೆ ಅಥವಾ ಹೊಟ್ಟೆ ಒಮ್ಮೆ ಏರಿ ಇಳಿದರೆ ಒಂದು ಉಸಿರು. ಏರಿದ್ದಕ್ಕೆ ಒಂದು, ಇಳಿದದ್ದಕ್ಕೆ ಇನ್ನೊಂದು ಎಂದು ಎಣಿಸಿ 80, 90 ಬರೆದು ಗಾಬರಿ ಹುಟ್ಟಿಸುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಏರುವುದನ್ನು ಮಾತ್ರ ಎಣಿಸಿ. ಎಳೆಯ ಮಕ್ಕಳು ವಪೆಯ ಬಲದಿಂದ ಉಸಿರಾಡುವುದರಿಂದ ಎದೆಗಿಂತ ಹೊಟ್ಟೆಯೇ ಚೆನ್ನಾಗಿ ಏರಿಳಿಯುತ್ತದೆ. ಪಕ್ಕೆಲುಬು ಮುಗಿದು ಹೊಟ್ಟೆ ಶುರುವಾಗುವ ಜಾಗದ ಮೇಲೆ ಕಣ್ಣಿಡಿ. ನಮ್ಮ ಅಜ್ಜಿಯರು ಕೂಸಿಗೆ ಕುಲಾವಿ, ಸ್ವೆಟರ್, ಅದರ ಮೇಲೊಂದು ಟವೆಲ್ಲು ಸುತ್ತಿ ತಂದಿರುತ್ತಾರೆ. ಬಟ್ಟೆಯ ಮೇಲಿಂದ ಎಣಿಸಲಾಗದು. ಹಾಗೆಂದು ನೀವೇ ಬಿಚ್ಚಲು ಹೋದರೆ ಮಗು ಅಳುತ್ತದೆ. ಅಂಗಿಯನ್ನು ಎದೆಯವರೆಗೆ ಮೆಲ್ಲಗೆ ಎತ್ತಲು ತಾಯಿಗೇ ಹೇಳಿ. ಬೆಳಕು ಹೊಟ್ಟೆಯ ಮೇಲೆ ಬೀಳುವಂತೆ ಕೂರಿಸಿ.

ಮಗುವನ್ನು ಮುಟ್ಟುವ ಮೊದಲು ಎಣಿಸಿ. ಇದು ನಾನು ತುಂಬಾ ಒತ್ತಿ ಹೇಳುವ ಮಾತು. ಥರ್ಮಾಮೀಟರ್ ಕಂಕುಳಿಗೆ ಹೋಯಿತೆಂದರೆ, ತಣ್ಣನೆಯ ಸ್ಟೆತಾಸ್ಕೋಪ್ ಎದೆಗೆ ತಗಲಿತೆಂದರೆ, ಮುಂದಿನ ಹತ್ತು ನಿಮಿಷ ನಿಮಗೆ ಎಣಿಕೆ ಸಿಗುವುದಿಲ್ಲ. ಅಳುವ ಮಗುವಿನ ಉಸಿರಿಗೆ ಅರ್ಥವಿಲ್ಲ. ಮೊಲೆ ಚೀಪುವಾಗಲೂ ಎಣಿಸಬೇಡಿ, ಚೀಪಿ ನುಂಗುವ ಲಯಕ್ಕೆ ಸಿಕ್ಕಿ ಉಸಿರು ಬದಲಾಗುತ್ತದೆ. ಹಾಲು ಕುಡಿದು ತಾಯಿಯ ತೊಡೆಯ ಮೇಲೆ ಸುಮ್ಮನೆ ಮಲಗಿದ ಹೊತ್ತು ಎಲ್ಲಕ್ಕಿಂತ ಒಳ್ಳೆಯದು. ದೊಡ್ಡವರ ತೊಂದರೆ ಬೇರೆ ಥರ. ಉಸಿರು ಎಣಿಸುತ್ತೇನೆ ಎಂದು ಹೇಳಿದ ಕೂಡಲೇ ಅವರಿಗೆ ತಮ್ಮ ಉಸಿರಿನ ಮೇಲೆ ಗಮನ ಹೋಗಿ ಲಯ ಬದಲಾಗುತ್ತದೆ. ನಾಡಿ ನೋಡಿದ ಮೇಲೆ ಮಣಿಕಟ್ಟನ್ನು ಬಿಡದೆ ಹಾಗೆಯೇ ಹಿಡಿದುಕೊಂಡು, ಏನೂ ಹೇಳದೆ, ಎದೆಯನ್ನು ನೋಡುತ್ತಾ ಎಣಿಸಿ.

ಒಂದೇ ಹೊತ್ತಿಗೆ ಗಡಿಯಾರವನ್ನೂ ಹೊಟ್ಟೆಯನ್ನೂ ನೋಡುವುದು ಆಗದ ಕೆಲಸ. ಕಣ್ಣು ಗಡಿಯಾರಕ್ಕೆ ಹೋಗಿ ಬರುವಷ್ಟರಲ್ಲಿ ವೇಗದ ಉಸಿರಿನ ಕೂಸು ಒಂದೆರಡು ಸಲ ಉಸಿರಾಡಿರುತ್ತದೆ. ಗಡಿಯಾರವನ್ನು ಮಗುವಿನ ಹೊಟ್ಟೆಯ ಪಕ್ಕಕ್ಕೇ ಹಿಡಿದರೆ ಎರಡೂ ಒಂದೇ ನೋಟಕ್ಕೆ ಸಿಗುತ್ತವೆ. ಇನ್ನೂ ಉತ್ತಮವೆಂದರೆ ಮೊಬೈಲಿನಲ್ಲಿ ಒಂದು ನಿಮಿಷದ ಟೈಮರ್ ಇಟ್ಟು, ಅದು ಸದ್ದು ಮಾಡುವವರೆಗೆ ಹೊಟ್ಟೆಯಿಂದ ಕಣ್ಣು ಕೀಳದಿರುವುದು. ಸಮಯ ಮುಗಿದಾಗ ಬೀಪ್ ಎನ್ನುವ ಸಣ್ಣ ಟೈಮರುಗಳನ್ನು ಯುನಿಸೆಫ್ ಇದೇ ಕೆಲಸಕ್ಕಾಗಿ ಹಂಚಿದೆ. ಯಾವುದೂ ಇಲ್ಲದಿದ್ದರೆ ಗೆಳತಿಗೆ ಗಡಿಯಾರ ಕೊಟ್ಟು, "ಶುರು", "ನಿಲ್ಲಿಸು" ಎಂದು ಹೇಳಲು ಹೇಳಿ.

ಪೂರ್ತಿ ನಿಮಿಷವೇ ಏಕೆ, ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಸಾಲದೇ ಎಂದು ನೀವು ಕೇಳುತ್ತೀರಿ. ಒಂದು ಲೆಕ್ಕ ಹಾಕಿ ನೋಡೋಣ. ಮಗುವಿನ ನಿಜವಾದ ದರ 42 ಎಂದಿಟ್ಟುಕೊಳ್ಳಿ. ಹದಿನೈದು ಸೆಕೆಂಡಿಗೆ ಹತ್ತೂವರೆ ಉಸಿರು. ಅರ್ಧ ಉಸಿರನ್ನು ಯಾರೂ ಎಣಿಸುವುದಿಲ್ಲ, ಹತ್ತು ಅನ್ನುತ್ತೀರಿ ಇಲ್ಲವೇ ಹನ್ನೊಂದು. ಗುಣಿಸಿದರೆ 40 ಅಥವಾ 44. ಗಡಿಯಾರ ಶುರು ಮಾಡುವಾಗ ಒಂದು ಉಸಿರು ತಪ್ಪಿಹೋಗಿ ಒಂಬತ್ತೇ ಸಿಕ್ಕರೆ 36. ವರ್ಷ ತುಂಬಿದ ಮಗುವಾಗಿದ್ದರೆ 36 ಎಂದರೆ ಬರೀ ನೆಗಡಿ ಕೆಮ್ಮು, 42 ಎಂದರೆ ನ್ಯುಮೋನಿಯಾ ಇರಬಹುದು. ಒಂದು ಉಸಿರಿನ ತಪ್ಪು ನಾಲ್ಕಾಗಿ ಬೆಳೆದು ಮಗುವನ್ನು ಗೆರೆಯ ಆಚೆಯಿಂದ ಈಚೆಗೆ ತಂದುಬಿಟ್ಟಿತು. ಪೂರ್ತಿ ನಿಮಿಷ ಎಣಿಸಿದಾಗ ಒಂದು ಉಸಿರು ತಪ್ಪಿದರೆ 41 ಆಗುತ್ತದೆ, ನಿರ್ಧಾರ ಬದಲಾಗುವುದಿಲ್ಲ. ಮಕ್ಕಳ ಉಸಿರಿನ ಲಯ ಸಮನಾಗಿಯೂ ಇರುವುದಿಲ್ಲ. ಹತ್ತು ಸೆಕೆಂಡು ಜೋರು, ಮತ್ತೆ ನಿಧಾನ. ನಿಮ್ಮ ಹದಿನೈದು ಸೆಕೆಂಡು ಯಾವ ಭಾಗಕ್ಕೆ ಬಿತ್ತು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ವಾರ್ಡಿನಲ್ಲಿ ಮೂವತ್ತು ಮಂಚಗಳಿದ್ದರೆ ಬರೀ ಉಸಿರಿಗೇ ಅರ್ಧ ಗಂಟೆ ಬೇಕು ಎಂಬುದು ನನಗೂ ಗೊತ್ತು. ದೊಡ್ಡವರ ವಾರ್ಡಿನಲ್ಲಿ, ಲಯ ಸಮನಾಗಿದ್ದು ರೋಗಿ ಆರಾಮಾಗಿ ಕಂಡರೆ ಮೂವತ್ತು ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ, ನಾನು ಬೇಡವೆನ್ನುವುದಿಲ್ಲ. ಹಾಗೆ ಬಂದ ಅಂಕಿ 12ಕ್ಕಿಂತ ಕಡಿಮೆ ಅಥವಾ 20ಕ್ಕಿಂತ ಹೆಚ್ಚಿದ್ದರೆ ಅಲ್ಲಿಯೇ ನಿಂತು ಪೂರ್ತಿ ನಿಮಿಷ ಮತ್ತೆ ಎಣಿಸಬೇಕು. ಮಕ್ಕಳಲ್ಲಿ ಈ ರಿಯಾಯಿತಿ ಇಲ್ಲ.

ನವಜಾತ ಶಿಶುಗಳ ಬಗ್ಗೆ ಒಂದು ಮಾತು. ಅವು ಸ್ವಲ್ಪ ಹೊತ್ತು ಜೋರಾಗಿ ಉಸಿರಾಡಿ, ಐದರಿಂದ ಹತ್ತು ಸೆಕೆಂಡು ಉಸಿರು ನಿಲ್ಲಿಸಿ, ಮತ್ತೆ ಶುರು ಮಾಡುತ್ತವೆ. ಮೊದಲ ಸಲ ನೋಡಿದಾಗ ನಿಮ್ಮ ಎದೆ ಧಸಕ್ಕೆನ್ನುತ್ತದೆ. ಮೈಬಣ್ಣ ಬದಲಾಗದೆ ತಾನಾಗಿಯೇ ಉಸಿರಾಟ ಮುಂದುವರಿದರೆ ಅದು ಆ ವಯಸ್ಸಿನ ಸಹಜ ಲಯ. ನಿಂತ ಉಸಿರು ಇಪ್ಪತ್ತು ಸೆಕೆಂಡು ದಾಟಿದರೆ, ಅಥವಾ ಅದಕ್ಕೂ ಮೊದಲೇ ತುಟಿ ನೀಲಿಗಟ್ಟಿದರೆ, ಕೂಸು ಜೋಲುಬಿದ್ದರೆ, ಕೂಸಿನ ಅಂಗಾಲನ್ನು ಉಜ್ಜುತ್ತಲೇ ಸಿಸ್ಟರನ್ನು ಕೂಗಿ ಕರೆಯಿರಿ. ಲಯ ಹೀಗೆ ಏರುಪೇರಾಗುವುದರಿಂದ ಎರಡು ತಿಂಗಳೊಳಗಿನ ಕೂಸಿನಲ್ಲಿ 60 ಅಥವಾ ಹೆಚ್ಚು ಬಂದರೆ ಎರಡನೆಯ ಸಲ ಎಣಿಸಬೇಕೆಂಬ ನಿಯಮವಿದೆ. ಎರಡು ಸಲವೂ 60 ಮುಟ್ಟಿದರೆ ಮಾತ್ರ ಅದನ್ನು ವೇಗದ ಉಸಿರು ಎನ್ನುತ್ತೇವೆ. ಎಣಿಸಿ ಮುಗಿಯುವವರೆಗೆ ಕೂಸನ್ನು ಬಿಟ್ಟು ಕದಲಬೇಡಿ.

ಇನ್ನು ಒಂದು ಮಗುವಿನ ಉದಾಹರಣೆಯನ್ನು ಮೊದಲಿನಿಂದ ಕೊನೆಯವರೆಗೆ ನೋಡೋಣ. ಹೊರರೋಗಿ ವಿಭಾಗಕ್ಕೆ ಮೂರು ದಿನದ ಕೆಮ್ಮು, ಜ್ವರ ಎಂದು ಒಂದು ಹೆಣ್ಣುಮಗುವನ್ನು ಕರೆತಂದಿದ್ದಾರೆ. ವಯಸ್ಸು ಕೇಳಿದರೆ ತಾಯಿ "ಒಂದು ವರ್ಷ ಮೇಡಂ" ಎನ್ನುತ್ತಾಳೆ. ಇಷ್ಟಕ್ಕೆ ನಿಲ್ಲಿಸಬೇಡಿ. ಒಂದು ವರ್ಷ ಎಂದರೆ ಹನ್ನೊಂದು ತಿಂಗಳೂ ಆಗಬಹುದು, ಹದಿನಾಲ್ಕೂ ಆಗಬಹುದು. ಗೆರೆ ಇರುವುದು ಸರಿಯಾಗಿ ಅಲ್ಲಿಯೇ. ತಾಯಿ ಕಾರ್ಡ್ ಕೇಳಿ. ಕಾರ್ಡ್ ಮನೆಯಲ್ಲಿ ಬಿಟ್ಟು ಬಂದಿದ್ದರೆ ಜೊತೆಯಲ್ಲಿ ಬಂದ ಅಜ್ಜಿಯನ್ನು ಕೇಳಿ: "ಯಾವ ಹಬ್ಬದ ಹೊತ್ತಿಗೆ ಹುಟ್ಟಿದ್ದು ಅಜ್ಜಿ?" "ಯುಗಾದಿ ಮಾರನೇ ದಿನ ಕಣವ್ವ. ಈ ಯುಗಾದಿಗೆ ವರ್ಷ ತುಂಬ್ತು." ಈಗ ಯುಗಾದಿ ಕಳೆದು ಎರಡು ತಿಂಗಳಾಗಿದೆ. ಮಗುವಿಗೆ ಹದಿನಾಲ್ಕು ತಿಂಗಳು, ಗೆರೆ 40.

ಒಳಗೆ ಬಂದ ಕೂಡಲೇ ಬಿಳಿ ಕೋಟು ನೋಡಿ ಮಗು ಅಳಲು ಶುರು ಮಾಡಿದೆ. ಆತುರದ ಒಬ್ಬ ವಿದ್ಯಾರ್ಥಿ ಆ ಅಳುವಿನಲ್ಲೇ ಹದಿನೈದು ಸೆಕೆಂಡು ಎಣಿಸುತ್ತಾನೆ. ಹದಿನೈದು ಉಸಿರು, ನಾಲ್ಕರಿಂದ ಗುಣಿಸಿ 60. ಅದನ್ನು ಹೊಡೆದುಹಾಕಿಸಿ, ತಾಯಿಯನ್ನು ಮೂಲೆಯ ಬೆಂಚಿನಲ್ಲಿ ಕೂರಿಸಿ, ಹಾಲು ಕೊಡಲು ಹೇಳಿ, ಮುಂದಿನ ರೋಗಿಯನ್ನು ನೋಡೋಣ. ಹದಿನೈದು ನಿಮಿಷದ ಬಳಿಕ ಮಗು ಕಣ್ಣು ಮುಚ್ಚಿ ಮಲಗಿದೆ. ಪೂರ್ತಿ ನಿಮಿಷ ಎಣಿಸಿದರೆ 46. ಇನ್ನೊಬ್ಬಳು ಬಂದು ಮೊದಲಿನ ಅಂಕಿ ಕೇಳದೆಯೇ ಎಣಿಸುತ್ತಾಳೆ, 44. ಇಬ್ಬರದೂ ಸರಿ. ಒಂದು ನಿಮಿಷದಿಂದ ಇನ್ನೊಂದು ನಿಮಿಷಕ್ಕೆ ಇಷ್ಟು ವ್ಯತ್ಯಾಸ ಆಗಿಯೇ ಆಗುತ್ತದೆ. ಎರಡೂ 40ರ ಮೇಲಿವೆ.

ಆಮೇಲೆ ಥರ್ಮಾಮೀಟರ್. 101 ಡಿಗ್ರಿ. ಜ್ವರವೊಂದೇ ಉಸಿರನ್ನು ಒಂದಷ್ಟು ಏರಿಸಬಲ್ಲದು. ವೈದ್ಯರು ಪ್ಯಾರಾಸಿಟಮಾಲ್ ಕೊಡಿಸಿದರು. ಒಂದು ಗಂಟೆಯ ಬಳಿಕ ಜ್ವರ 99ಕ್ಕೆ ಇಳಿದಾಗ ಮತ್ತೆ ಎಣಿಸಿದರೆ 43. ಜ್ವರ ಇಳಿದರೂ ಉಸಿರು ಗೆರೆಯ ಕೆಳಗೆ ಬರಲಿಲ್ಲ ಎಂಬ ಈ ಸಂಗತಿ ವೈದ್ಯರಿಗೆ ಬಹಳ ಉಪಯೋಗದ್ದು. ಜ್ವರ ಇಳಿಯುವವರೆಗೆ ಔಷಧ ತಡೆಯಬೇಕೆಂದು ಇದರ ಅರ್ಥವಲ್ಲ. ಮಗು ಹುಷಾರಾಗಿ ಹಾಲು ಕುಡಿಯುತ್ತಿದೆ, ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಗೆ ಹೋಗುತ್ತಿಲ್ಲ, ಗೊರಗೊರ ಅಥವಾ ಸುಂಯ್ ಎಂಬ ಸದ್ದಿಲ್ಲ, ಆಕ್ಸಿಮೀಟರ್ 97. ಇದನ್ನೆಲ್ಲ ನೋಡಿ ವೈದ್ಯರು ತೀವ್ರವಲ್ಲದ ನ್ಯುಮೋನಿಯಾ ಎಂದು ತೀರ್ಮಾನಿಸಿ, ಅಮಾಕ್ಸಿಸಿಲಿನ್ ಬರೆದು ಮನೆಗೆ ಕಳಿಸಿದರು. ಎರಡು ದಿನ ಬಿಟ್ಟು ಬರಬೇಕು. ಮಗು ಹಾಲು ಬಿಟ್ಟರೆ, ತಿಂದದ್ದೆಲ್ಲ ವಾಂತಿ ಮಾಡಿದರೆ, ಪಕ್ಕೆ ಸೆಳೆಯತೊಡಗಿದರೆ, ಎಬ್ಬಿಸಿದರೂ ಏಳದಷ್ಟು ಮಂಕಾದರೆ, ಫಿಟ್ಸ್ ಬಂದರೆ ರಾತ್ರಿಯಾದರೂ ಕರೆತರಬೇಕು. ಎರಡು ದಿನದ ಬಳಿಕ, ಅದೇ ಥರ ಮಲಗಿದ್ದಾಗ ಎಣಿಸಿದರೆ 34. ಔಷಧ ಹಿಡಿದಿದೆ.

ಇದೇ ಮಗುವಿಗೆ ಹನ್ನೊಂದು ತಿಂಗಳಾಗಿದ್ದರೆ? ಗೆರೆ 50. 46 ಆಗಲಿ 44 ಆಗಲಿ ಅದರ ಕೆಳಗೇ ಉಳಿಯುತ್ತದೆ. ಬೇರೆ ಚಿಹ್ನೆಗಳಿಲ್ಲದಿದ್ದರೆ ಅದು ನೆಗಡಿ ಕೆಮ್ಮು, ಆಂಟಿಬಯಾಟಿಕ್ ಬೇಡ. ವಯಸ್ಸನ್ನು ಸರಿಯಾಗಿ ಕೇಳದವರ ಎಣಿಕೆ ಎಷ್ಟೇ ನಿಖರವಾಗಿದ್ದರೂ ಉಪಯೋಗಕ್ಕೆ ಬರುವುದಿಲ್ಲ.

ಆ 60 ಎಂಬ ಅಂಕಿ ಚಾರ್ಟಿನಲ್ಲಿ ಉಳಿದುಬಿಟ್ಟಿದ್ದರೆ ಏನಾಗುತ್ತಿತ್ತು ಎಂದೂ ಯೋಚಿಸಿ. ಇಂದಿಗೆ ಅದರಿಂದ ಹಾನಿಯಿಲ್ಲ, ಔಷಧ ಹೇಗೂ ಸಿಗುತ್ತಿತ್ತು. ಆದರೆ ಎರಡು ದಿನದ ಬಳಿಕ, ಔಷಧ ಹಿಡಿಯದೆ ಉಸಿರು 46ರಲ್ಲೇ ನಿಂತಿದ್ದರೆ, 60ರಿಂದ 46ಕ್ಕೆ ಇಳಿದಿದೆ ಎಂದು ಎಲ್ಲರೂ ಸಮಾಧಾನಪಟ್ಟುಕೊಳ್ಳುತ್ತಿದ್ದರು. ಒಂದಿಷ್ಟೂ ಗುಣವಾಗದ ಮಗುವನ್ನು ಗುಣವಾಗುತ್ತಿದೆ ಎಂದು ವಾಪಸ್ ಕಳಿಸಿಬಿಡುವ ಸಾಧ್ಯತೆ ಅಲ್ಲಿತ್ತು. ಅದಕ್ಕೇ ಅಂಕಿಯ ಪಕ್ಕದಲ್ಲಿ ಮಗು ಹೇಗಿತ್ತು ಎಂದೂ ಬರೆಯಿರಿ: "46, ನಿದ್ದೆಯಲ್ಲಿ, ಪೂರ್ತಿ ನಿಮಿಷ, ಬೆಳಗ್ಗೆ 10.20, ಜ್ವರ 101." ಇಷ್ಟಿದ್ದರೆ ರಾತ್ರಿ ಪಾಳಿಗೆ ಬರುವವರಿಗೆ ಹೋಲಿಸಿ ನೋಡಲು ಆಗುತ್ತದೆ.

ಎಣಿಕೆಗೆ ಅದರದೇ ಮಿತಿಗಳಿವೆ. ವೇಗದ ಉಸಿರಿದ್ದ ಮಾತ್ರಕ್ಕೆ ನ್ಯುಮೋನಿಯಾ ಎಂದಾಗದು. ಉಬ್ಬಸದ ಮಗುವೂ ವೇಗವಾಗಿ ಉಸಿರಾಡುತ್ತದೆ. ಸುಂಯ್ ಎಂಬ ಸದ್ದಿದ್ದರೆ ಶ್ವಾಸನಾಳ ಸಡಿಲಿಸುವ ಔಷಧವನ್ನು ಒಳಗೆ ಎಳೆಸಿ, ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಎಣಿಸುತ್ತಾರೆ. ಆಗ ಗೆರೆಯ ಕೆಳಗೆ ಇಳಿದರೆ ದಾರಿ ಬೇರೆ. ತೀವ್ರ ರಕ್ತಹೀನತೆಯಲ್ಲಿ, ಹೃದಯದ ತೊಂದರೆಯಲ್ಲಿ, ವಾಂತಿ ಭೇದಿಯಿಂದ ಬಸವಳಿದ ಮಗುವಿನ ರಕ್ತದಲ್ಲಿ ಆಮ್ಲ ಏರಿದಾಗಲೂ ಉಸಿರು ಏರುತ್ತದೆ. ಏಕೆಂದು ಹುಡುಕುವುದು ವೈದ್ಯರ ಕೆಲಸ. ಏರಿದೆ ಎಂದು ಸರಿಯಾದ ಅಂಕಿಯೊಡನೆ ಅವರಿಗೆ ತಿಳಿಸುವುದು ನಿಮ್ಮದು.

ಎಲ್ಲಕ್ಕಿಂತ ಮೋಸದ ಅಂಕಿ ಇಳಿಯುತ್ತಿರುವ ಅಂಕಿ. ಬೆಳಗ್ಗೆಯಿಂದ 70ರಲ್ಲಿ ಏದುಸಿರು ಬಿಡುತ್ತಿದ್ದ ಎಂಟು ತಿಂಗಳ ಮಗುವಿನ ಉಸಿರು ಸಂಜೆಗೆ 32 ಆಯಿತು ಎಂದುಕೊಳ್ಳಿ. 32 ಆ ವಯಸ್ಸಿಗೆ ಸಹಜವಾದ ಅಂಕಿಯೇ. ಮಗು ಕಣ್ಣು ಬಿಟ್ಟು ಅಮ್ಮನ ಮುಖ ನೋಡುತ್ತಿದ್ದರೆ, ಹಾಲು ಎಳೆಯುತ್ತಿದ್ದರೆ, ಪಕ್ಕೆಯ ಸೆಳೆತ ಕಡಿಮೆಯಾಗಿದ್ದರೆ ಅದು ನಿಜವಾದ ಸುಧಾರಣೆ. ಪಕ್ಕೆ ಇನ್ನೂ ಸೆಳೆಯುತ್ತಿದ್ದು, ಪ್ರತಿ ಉಸಿರಿಗೂ ತಲೆ ತೂಗುತ್ತಿದ್ದು, ಮಗು ಮಂಕಾಗಿದ್ದರೆ ಅದು ದಣಿದುಹೋಗಿದೆ. ಉಸಿರಾಡುವ ಸ್ನಾಯುಗಳು ಸೋಲುತ್ತಿವೆ. ಇನ್ನು ಸ್ವಲ್ಪ ಹೊತ್ತಿನಲ್ಲಿ ಉಸಿರು ನಿಲ್ಲಬಹುದು. ಅಂಕಿ ಒಂದೇ ಆದರೂ ಒಂದು ಮಗುವಿನ ತಾಯಿಗೆ ಧೈರ್ಯ ಹೇಳಬೇಕು, ಇನ್ನೊಂದು ಮಗುವಿಗೆ ಆಕ್ಸಿಜನ್ ಹಿಡಿದು ಡಾಕ್ಟರನ್ನು ಓಡಿ ಕರೆಯಬೇಕು. ಮಗುವಿನ ಮುಖ ನೋಡದೆ ಅಂಕಿಯನ್ನು ಬರೆಯಬೇಡಿ ಎಂದು ನಾನು ಮತ್ತೆ ಮತ್ತೆ ಹೇಳುವುದು ಇದಕ್ಕೇ. ಅಪೌಷ್ಟಿಕತೆಯಿಂದ ತೀರಾ ಸೊರಗಿದ ಮಕ್ಕಳಲ್ಲಿ ಸ್ನಾಯುಗಳಿಗೆ ಮೊದಲೇ ಶಕ್ತಿಯಿಲ್ಲ. ಉಸಿರು ಹೆಚ್ಚು ಏರದೆ, ಪಕ್ಕೆ ಹೆಚ್ಚು ಸೆಳೆಯದೆ ನ್ಯುಮೋನಿಯಾ ಮುಂದುವರಿದಿರಬಹುದು. ಅಂಥ ಮಗು ಗೆರೆಯ ಕೆಳಗಿದೆ ಎಂದು ಮೈಮರೆಯುವಂತಿಲ್ಲ.

ಐಸಿಯುನಲ್ಲಿ ಮಾನಿಟರ್ ಉಸಿರಿನ ಅಂಕಿಯನ್ನು ತಾನೇ ತೋರಿಸುತ್ತದಲ್ಲ ಎನ್ನಬಹುದು. ಎದೆಗೆ ಅಂಟಿಸಿದ ಪಟ್ಟಿಗಳ ಮೂಲಕ ಅದು ಎದೆಯ ಚಲನೆಯನ್ನು ಲೆಕ್ಕ ಹಾಕುತ್ತದೆ, ಗಾಳಿಯನ್ನಲ್ಲ. ಮಗು ಕಾಲು ಒದ್ದರೂ ಅದಕ್ಕೆ ಉಸಿರಿನಂತೆ ಕಾಣಬಹುದು. ಗಂಟಲು ಕಟ್ಟಿಕೊಂಡು ಗಾಳಿಯೇ ಹೋಗದಿದ್ದರೂ ಎದೆ ಒದ್ದಾಡುತ್ತಿದ್ದರೆ ಉಸಿರಿದೆ ಎಂದೇ ತೋರಿಸುತ್ತದೆ. ಮಾನಿಟರಿನ ಅಂಕಿ ಮಗುವಿನ ಸ್ಥಿತಿಗೆ ತಾಳೆಯಾಗದಿದ್ದರೆ ನಿಂತು ಎಣಿಸಿ, ನಿಮ್ಮ ಅಂಕಿಯನ್ನೇ ಬರೆಯಿರಿ.

ಸೋಮವಾರ ಬೆಳಗ್ಗೆ ಎಂಟಕ್ಕೆ ಮಕ್ಕಳ ವಾರ್ಡಿನ ಬಾಗಿಲಲ್ಲಿ ಸೇರೋಣ. ಸೆಕೆಂಡಿನ ಮುಳ್ಳಿರುವ ಗಡಿಯಾರ ತನ್ನಿ. ಇಬ್ಬಿಬ್ಬರಾಗಿ ಒಂದೊಂದು ಮಗುವಿನ ಎರಡು ಬದಿಗೆ ಕೂತು, ಒಂದೇ ನಿಮಿಷವನ್ನು ಇಬ್ಬರೂ ಎಣಿಸಿ, ಪರಸ್ಪರ ತೋರಿಸದೆ ಚೀಟಿಯಲ್ಲಿ ಬರೆದು ನನಗೆ ಕೊಡಬೇಕು. ಇಬ್ಬರ ಅಂಕಿಗಳ ನಡುವೆ ಎರಡಕ್ಕಿಂತ ಹೆಚ್ಚು ಅಂತರವಿದ್ದರೆ ಅದೇ ಮಗುವಿನ ಬಳಿ ಮತ್ತೆ ಕೂರುತ್ತೀರಿ, ಈ ಸಲ ನಾನೂ ಜೊತೆಗೆ ಎಣಿಸುತ್ತೇನೆ. ಚೀಟಿಯಲ್ಲಿ ಮಗುವಿನ ವಯಸ್ಸನ್ನು ತಿಂಗಳಲ್ಲಿ ಬರೆಯುವುದನ್ನು ಮರೆಯಬೇಡಿ.

ನಿಮ್ಮ ಟೀಚರ್